ಸಾಲದ ಪತ್ರದಲ್ಲೇ ಇತ್ತು ಮಾಲೀಕತ್ವ

ಮಾನ್ಯ ಸಂಪಾದಕರೇ,

ಎನ್‌ಡಿಟಿವಿ ಕೈಬದಲಾದದ್ದು 2022ರಲ್ಲಿ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಬಾಗಿಲು ತೆರೆದದ್ದು 2009ರಲ್ಲೇ. ಪ್ರವರ್ತಕರ ಕಂಪನಿ ಆರ್‌ಆರ್‌ಪಿಆರ್, ಬ್ಯಾಂಕ್ ಸಾಲ ತೀರಿಸಲು ವಿಸಿಪಿಎಲ್ ಎಂಬ ಸಂಸ್ಥೆಯಿಂದ ಬಡ್ಡಿಯಿಲ್ಲದ ಸಾಲ ತಂದಿತು. 2010ರ ಹೊತ್ತಿಗೆ ಅದು ಸುಮಾರು 403 ಕೋಟಿ ರೂಪಾಯಿ. ಬದಲಿಗೆ ಬರೆದುಕೊಟ್ಟದ್ದು ವಾರಂಟ್: ಬೇಕೆನಿಸಿದಾಗ ಅದನ್ನು ಷೇರಾಗಿಸಿಕೊಂಡರೆ ಆರ್‌ಆರ್‌ಪಿಆರ್‌ನ ಶೇ 99.99ರಷ್ಟು ಸಾಲ ಕೊಟ್ಟವರದ್ದೇ.

2022ರ ಆಗಸ್ಟ್‌ನಲ್ಲಿ ಅದಾನಿ ಸಮೂಹ ವಿಸಿಪಿಎಲ್ಅನ್ನೇ ಸುಮಾರು 114 ಕೋಟಿಗೆ ಕೊಂಡು ವಾರಂಟ್ ಚಲಾಯಿಸಿತು. ಆರ್‌ಆರ್‌ಪಿಆರ್ ಬಳಿ ಎನ್‌ಡಿಟಿವಿಯ ಶೇ 29.18 ಷೇರುಗಳಿದ್ದವು. ಶೇ 25 ದಾಟಿದವರು ಉಳಿದ ಷೇರುದಾರರಿಂದ ಇನ್ನೂ ಶೇ 26 ಕೊಳ್ಳಲು ಮುಕ್ತ ಕೊಡುಗೆ ನೀಡಬೇಕೆಂಬುದು ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ. ಆ ಕೊಡುಗೆಯಲ್ಲಿ ಸಿಕ್ಕ ಷೇರುಗಳ ಜೊತೆಗೆ ಪ್ರವರ್ತಕರಿಂದಲೂ ಕೊಂಡು, ವರ್ಷಾಂತ್ಯಕ್ಕೆ ಸಮೂಹದ ಪಾಲು ಶೇ 64 ದಾಟಿತು.

ನನ್ನನ್ನು ಕಾಡುವುದು ನಡುವಿನ ಹದಿಮೂರು ವರ್ಷ. ಷೇರುಪೇಟೆಗೆ ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಪಟ್ಟಿಯಲ್ಲಿ ಆರ್‌ಆರ್‌ಪಿಆರ್ ಹೆಸರು ಕಾಣುತ್ತಿತ್ತು. ಅದರ ಕೊರಳಿಗೆ ಬಿದ್ದ ವಾರಂಟ್ ಕಾಣುತ್ತಿರಲಿಲ್ಲ. ಅಂಥ ಸಾಲ ತಲೆಯ ಮೇಲಿರುವಾಗ ಸಂಪಾದಕರಿಗೆ ಯಾರೂ ಫೋನ್ ಮಾಡಬೇಕಿಲ್ಲ, ಸಾಲ ಪಡೆದ ಮಾಲೀಕರೇ ಅಳೆದು ತೂಗಿ ಮಾತಾಡುವ ಅಪಾಯವಿದೆ. ಸುದ್ದಿಸಂಸ್ಥೆಗಳ ಪ್ರವರ್ತಕ ಕಂಪನಿಗಳು ತಮ್ಮ ಸಾಲದಾತರ ಹೆಸರನ್ನೂ ಷೇರಾಗಬಲ್ಲ ಸಾಲದ ಷರತ್ತನ್ನೂ ಪ್ರತಿವರ್ಷ ಪ್ರಕಟಿಸುವಂತೆ ಸೆಬಿ ಕಡ್ಡಾಯ ಮಾಡಲಿ.

– ಓದುಗ, ಬೆಂಗಳೂರು