ಮೂರು ಜನ ಮೂರು ಥರ ಹೇಳಿದಾಗ

ತಮ್ಮಾ,

ನಿನ್ನ ಮೆಸೇಜ್ ನೋಡ್ದೆ. ಕಥೇನ ಮೂರು ಜನಕ್ಕೆ ಓದೋಕೆ ಕೊಟ್ಟೆ, ಒಬ್ಬರು ಕೊನೆ ಸರಿ ಇಲ್ಲ ಅಂದ್ರು, ಒಬ್ಬರು ಮಧ್ಯದಲ್ಲಿ ಎಳೆದಿದ್ದೀಯ ಅಂದ್ರು, ಇನ್ನೊಬ್ಬ ಫ್ರೆಂಡ್ ಸೂಪರ್ ಅಂದುಬಿಟ್ಟ, ಈಗ ಯಾರ ಮಾತು ಕೇಳ್ಲಿ ಅಂತ ಬರೆದಿದ್ದೀಯ. ಅದಕ್ಕೂ ಮುಂಚೆ ಒಂದು ಹೇಳು, ಅವರು ಓದ್ತಾ ಓದ್ತಾ ಯಾವ ಸಾಲಲ್ಲಿ ಎಡವಿದ್ರು ಅಂತ ನಿಂಗೆ ಗೊತ್ತಾ? ಗೊತ್ತಿಲ್ಲ ಅಂದ್ರೆ ಆ ಸಲಹೆ ಕೈಲಿಟ್ಕೊಂಡು ಏನೂ ತಿದ್ದೋಕಾಗಲ್ಲ. ನಾನು ಇದನ್ನ ಕಲಿತಿದ್ದು ಒಂದೇ ಒಂದು ಕಥೆಯಿಂದ, ಅದನ್ನೇ ಹೇಳ್ತೀನಿ.

ಅಮ್ಮ ತೀರಿಕೊಂಡ ಮೇಲೆ ಅಕ್ಕ ತಮ್ಮ ಕೂತು ಮನೆ ಸಾಮಾನು ಹಂಚಿಕೊಳ್ಳೋ ಕಥೆ ಅದು. ಸುಮಾರು 2,400 ಪದ, ಆರು ಪುಟ. ನಾಲ್ಕನೇ ಪುಟದಲ್ಲಿ ತಮ್ಮ "ನಂಗೆ ಹೊಲಿಗೆ ಮಿಷನ್ ಒಂದಿದ್ರೆ ಸಾಕು" ಅಂತಾನೆ, ಅಕ್ಕ ರೇಗಿ ಬೀಳ್ತಾಳೆ, ದೊಡ್ಡ ಜಗಳ ಆಗುತ್ತೆ. ಆ ಮಿಷನ್ನ ತಮ್ಮನೇ ತನ್ನ ಮೊದಲ ಸಂಬಳದಲ್ಲಿ ಅಮ್ಮಂಗೆ ತಂದುಕೊಟ್ಟಿದ್ದ ಅನ್ನೋದು ಓದುಗನಿಗೆ ತಿಳಿಯೋದು ಕೊನೇ ಪ್ಯಾರಾದಲ್ಲಿ. ಬರೆದಾಗ ನಂಗೆ ಅದೇ ಕಥೆಯ ಜೀವ ಅನ್ನಿಸಿತ್ತು.

ಮೂರು ಜನ ಓದಿದ್ರು. ಗೆಳತಿ ಒಬ್ಬಳು ಕೊನೆ ಅವಸರ ಆಯ್ತು, ಇನ್ನೂ ಸ್ವಲ್ಪ ಬರಿ ಅಂದ್ಳು. ನಾನು ತುಂಬಾ ಗೌರವಿಸ್ತಿದ್ದ ಹಿರಿಯರೊಬ್ಬರು ತಮ್ಮನ ಪಾತ್ರ ಗಟ್ಟಿಯಾಗಿಲ್ಲ, ಅವನ ಬಾಲ್ಯದ ಒಂದು ಫ್ಲ್ಯಾಷ್‌ಬ್ಯಾಕ್ ಹಾಕು ಅಂದ್ರು. ಮೂರನೆಯವನು ಅಕ್ಕ ಯಾಕಷ್ಟು ಕೂಗಾಡ್ತಾಳೋ ಅರ್ಥ ಆಗ್ಲಿಲ್ಲ, ಜಗಳ ಕಡಿಮೆ ಮಾಡು ಅಂದ. ನಾನು ಮೂರನ್ನೂ ಮಾಡ್ದೆ. ಫ್ಲ್ಯಾಷ್‌ಬ್ಯಾಕ್ ಬಂತು, ಕೊನೇಲಿ ಎರಡು ಪ್ಯಾರಾ ಸೇರಿತು, ಜಗಳದಲ್ಲಿ ಅರ್ಧ ಹೋಯ್ತು, ಕಥೆ 2,900 ಪದಕ್ಕೆ ಏರಿತು. ಮತ್ತೆ ಗೆಳತಿಗೆ ಕೊಟ್ಟೆ. ಪೂರ್ತಿ ಓದಿ, ಸ್ವಲ್ಪ ಹೊತ್ತು ಸುಮ್ನಿದ್ದು, "ಈಗ ಯಾಕೋ ಭಾರ ಆಯ್ತು" ಅಂದ್ಳು.

ಆವತ್ತು ನಾನು ಮೊದಲನೇ ಸಲ ಬೇರೆ ಥರ ಕೇಳ್ದೆ. ಹೇಗಿದೆ ಅಂತಲ್ಲ, ಏನು ಬದಲಾಯಿಸ್ಲಿ ಅಂತಾನೂ ಅಲ್ಲ, ಹಳೇ ಪ್ರಿಂಟೇ ಮುಂದಿಟ್ಟು "ಇದನ್ನ ಓದುವಾಗ ಎಲ್ಲಿ ನಿಂತೆ, ತೋರಿಸು" ಅಂದೆ. ಅವಳು ಕೊನೇ ಪುಟಕ್ಕೆ ಹೋಗ್ಲೇ ಇಲ್ಲ. ನಾಲ್ಕನೇ ಪುಟ ತೆಗೆದು ಆ ಮಿಷನ್ ಕೇಳೋ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿ ಇವನು ದುರಾಸೆಯವನು ಅನ್ಕೊಂಡೆ, ಕೊನೇಲಿ ಅಲ್ಲ ಅಂತ ಗೊತ್ತಾದಾಗ ಅಯ್ಯೋ ಅನ್ನಿಸ್ಲಿಲ್ಲ, ಇಷ್ಟೊತ್ತು ನನ್ನಿಂದ ಮುಚ್ಚಿಟ್ಟಿದ್ರಲ್ಲ ಅನ್ನಿಸ್ತು" ಅಂದ್ಳು.

ಈಗ ನೋಡು, ಮೂರು ಜನಾನೂ ಆ ಒಂದೇ ಜಾಗದ ಬಗ್ಗೆ ಮಾತಾಡ್ತಿದ್ರು. ವಿಷಯ ಮುಚ್ಚಿಟ್ಟಿದ್ದರಿಂದ ತಮ್ಮ ಪೊಳ್ಳು ಅನ್ನಿಸಿದ, ಅಕ್ಕನ ಕೋಪಕ್ಕೆ ಬುಡ ಇರ್ಲಿಲ್ಲ, ಕೊನೇ ಪ್ಯಾರಾ ಸುದ್ದೀನೂ ಹೇಳಿ ಓದುಗನ ಕಣ್ಣಲ್ಲಿ ನೀರೂ ತರಿಸ್ಬೇಕಾಗಿತ್ತು, ಅದಕ್ಕೇ ಅವಸರ ಅನ್ನಿಸಿದ್ದು. ನೋವು ಎಲ್ಲಿದೆ ಅಂತ ಅವರು ಹೇಳಿದ್ದು ಸರಿ ಇತ್ತು, ಔಷಧಿ ಮಾತ್ರ ಮೂರೂ ತಪ್ಪು. ಹಳೇ ಡ್ರಾಫ್ಟ್ ತೆಗೆದು ಮೊದಲನೇ ಪುಟದಲ್ಲಿ ಒಂದು ಸಾಲು ಸೇರಿಸಿದೆ: "ಮೊದಲ ಸಂಬಳದಲ್ಲಿ ತಮ್ಮ ತಂದ ಹೊಲಿಗೆ ಮಿಷನ್ನು ಕಿಟಕಿ ಪಕ್ಕದಲ್ಲೇ ಇತ್ತು, ಹತ್ತು ವರ್ಷದಿಂದ ಅದನ್ನ ತುಳಿದವಳು ಅಕ್ಕ." ಕೊನೇ ಪ್ಯಾರಾ ಪೂರ್ತಿ ತೆಗೆದೆ. ಜಗಳದ ಒಂದಕ್ಷರಾನೂ ಮುಟ್ಲಿಲ್ಲ, ಯಾಕಂದ್ರೆ ಈಗ ಇಬ್ಬರಿಗೂ ಆ ಮಿಷನ್ ಮೇಲೆ ಹಕ್ಕಿದೆ ಅಂತ ಓದುಗನಿಗೆ ಗೊತ್ತು, ಕೂಗಾಟ ತಾನಾಗೇ ನ್ಯಾಯ ಅನ್ನಿಸುತ್ತೆ.

ಅದಾದ್ಮೇಲೆ ನಾನು ಡ್ರಾಫ್ಟ್ ಕೊಡೋ ರೀತೀನೇ ಬದಲಾಯ್ತು. ಪ್ರಿಂಟ್ ಜೊತೆ ಒಂದು ಪೆನ್ಸಿಲ್ ಕೊಡ್ತೀನಿ, ಮನಸ್ಸು ಎಲ್ಲೋ ಹೋದ ಕಡೆ ಪಕ್ಕದಲ್ಲಿ ಒಂದು ಗೆರೆ, ಅರ್ಥ ಆಗದ ಕಡೆ ಪ್ರಶ್ನೆ ಚಿಹ್ನೆ, ಹಿಂದೆ ಹೋಗಿ ಮತ್ತೆ ಓದಿದ ಕಡೆ ಒಂದು ಸೊನ್ನೆ ಹಾಕಿ ಸಾಕು, ಕಾರಣ ಬರೀಬೇಡಿ ಅಂತೀನಿ. ಕಾರಣ ಕೇಳಿದ್ರೆ ಜನ ಯೋಚನೆ ಮಾಡೋಕೆ ಶುರು ಮಾಡ್ತಾರೆ, ಓದಿದ್ದು ಮರೆತುಹೋಗುತ್ತೆ. ಓದಿ ಮುಗಿದ ಮೇಲೆ ಕಥೇನ ನಾಲ್ಕು ಮಾತಲ್ಲಿ ನಂಗೇ ಹೇಳಿ ಅಂತೀನಿ, ನಾನು ಮುಖ್ಯ ಅನ್ಕೊಂಡಿದ್ದನ್ನ ಅವರು ಹೇಳೋವಾಗ ಬಿಟ್ಟುಬಿಟ್ರೆ ಅದು ಪುಟದ ಮೇಲೆ ಬಂದೇ ಇಲ್ಲ ಅಂತ ಅರ್ಥ. ನಿನ್ನ ಸೂಪರ್ ಅಂದ ಫ್ರೆಂಡ್‌ಗೂ ಇದನ್ನೇ ಕೇಳು, ಅವನೂ ಉಪಯೋಗಕ್ಕೆ ಬರ್ತಾನೆ.

ಅವರು ಹೇಳ್ತಿರುವಾಗ ನೀನು ಬರ್ಕೋ ಅಷ್ಟೇ, ವಾದಕ್ಕೆ ಇಳೀಬೇಡ. ಎಲ್ಲಾದ್ರೂ ತಡೆಯೋಕಾಗದೆ "ಹಾಗಲ್ಲ, ಅವಳು ಯಾಕೆ ಹೋಗ್ತಾಳೆ ಅಂದ್ರೆ" ಅಂತ ಶುರು ಮಾಡಿಬಿಟ್ರೆ ಆ ಮುಂದಿನ ವಾಕ್ಯಾನೂ ಬರ್ಕೋ. ಬಾಯಲ್ಲಿ ಹೇಳಬೇಕಾಗಿ ಬಂದಿದ್ದು ತುಂಬಾ ಸಲ ಕಥೆಯಲ್ಲಿ ಇರಬೇಕಾಗಿದ್ದ ಮಾತೇ ಆಗಿರುತ್ತೆ.

ಇನ್ನು ಯಾವುದನ್ನ ಬಿಡೋದು. ಡ್ರಾಫ್ಟ್ ಯಾರಿಗೂ ಕೊಡೋಕೆ ಮುಂಚೆ ಈ ಕಥೆ ಯಾವುದರ ಬಗ್ಗೆ ಅಂತ ಒಂದು ಸಾಲು ಬರೆದಿಟ್ಕೊ, ಯಾರಿಗೂ ತೋರಿಸ್ಬೇಡ. ನನ್ನ ಸಾಲು "ಇಬ್ಬರೂ ಸರಿ ಇದ್ದಾಗ ಹಂಚಿಕೊಳ್ಳೋಕೆ ಆಗಲ್ಲ" ಅಂತ ಇತ್ತು. ಆ ಹಿರಿಯರು ಇನ್ನೊಂದು ಮಾತೂ ಹೇಳಿದ್ರು, ಕೊನೇಲಿ ಅಕ್ಕ ತಮ್ಮ ರಾಜಿ ಆಗ್ಲಿ, ಓದಿದವರಿಗೆ ಸಮಾಧಾನ ಇರುತ್ತೆ ಅಂತ. ಅಷ್ಟು ದೊಡ್ಡವರ ಮಾತು, ತೆಗೆದುಹಾಕೋಕೆ ಮನಸ್ಸು ಬರ್ಲಿಲ್ಲ. ಫೈಲಿನ ಒಂದು ಕಾಪಿ ಮಾಡ್ಕೊಂಡು ಒಂದು ಗಂಟೆ ಕೂತು ರಾಜಿ ಮಾಡಿಸಿಯೇ ನೋಡ್ದೆ. ಚೆನ್ನಾಗೇ ಬಂತು, ಆದ್ರೆ ಆ ಸಾಲಿಗೂ ಅದಕ್ಕೂ ಸಂಬಂಧಾನೇ ಇರ್ಲಿಲ್ಲ, ಅದು ಅವರು ಬರೆಯಬೇಕಾಗಿದ್ದ ಕಥೆ. ಬಿಟ್ಟೆ. ಅವರಿಗೆ ಹೇಳಿದಾಗ ಬೇಜಾರೂ ಮಾಡ್ಕೊಳ್ಲಿಲ್ಲ. ಹೀಗೆ ಬರೆದು ನೋಡಿ ಬಿಟ್ಟಿದ್ದು ಮತ್ತೆ ಕಾಡಲ್ಲ, ಬರೀ ತಲೇಲಿ ವಾದ ಮಾಡಿ ಬಿಟ್ಟಿದ್ದು ವರ್ಷಗಟ್ಟಲೆ ಕಾಡುತ್ತೆ.

ಇಬ್ಬರು ಗುರುತು ಹಾಕಿದ್ದು ಒಂದೇ ಪುಟದಲ್ಲಿ ಬಂದ್ರೆ, ಅವರ ಸಲಹೆ ಒಂದಕ್ಕೊಂದು ಉಲ್ಟಾ ಇದ್ರೂ ಸರಿ, ಆ ಜಾಗ ನಂಬು. ಒಬ್ಬರೇ ಹೇಳಿದ್ದಾದ್ರೆ ಮೂರು ನಾಲ್ಕು ದಿನ ಬಿಟ್ಟು ನೀನೇ ಜೋರಾಗಿ ಓದಿ ನೋಡು, ನಿನ್ನ ನಾಲಿಗೆಯೂ ಅಲ್ಲೇ ತಡವರಿಸಿದ್ರೆ ತಿದ್ದು. ವಿಷಯದ ತಪ್ಪು, ಅಂದ್ರೆ ಎರಡನೇ ಪುಟದಲ್ಲಿ ಸೋಮವಾರ ಇದ್ದಿದ್ದು ಮೂರನೇದರಲ್ಲಿ ಭಾನುವಾರ ಆಗಿರೋಂಥದ್ದು, ಅದಕ್ಕೆ ಯೋಚನೆ ಬೇಡ, ಆಗಲೇ ಸರಿ ಮಾಡು.

ಈಗ ಹೋಗಿ ಆ ಕೊನೆ ಸರಿ ಇಲ್ಲ ಅಂದವರನ್ನೂ ಮಧ್ಯ ಎಳೆದಿದ್ದೀಯ ಅಂದವರನ್ನೂ ಪುಟ ತೋರಿಸಿ ಕೇಳು. ತಿದ್ದಿದ ಮೇಲೆ ಮಾತ್ರ ಅವರಿಬ್ಬರಿಗೂ ಕೊಡ್ಬೇಡ, ಅವರಿಗೆ ಕಥೆ ಗೊತ್ತು, ಪುಟದಲ್ಲಿ ಇಲ್ಲದ್ದನ್ನೂ ತಾವೇ ತುಂಬ್ಕೊಂಡು ಓದ್ತಾರೆ. ಇದುವರೆಗೂ ಓದದ ಒಬ್ಬರನ್ನ ಉಳಿಸಿಕೊಂಡಿರು. ನಂಗೆ ನೀನಿನ್ನೂ ಕಥೆ ಕಳಿಸಿಲ್ಲ, ಏನು ಕಥೆ ಅಂತಾನೂ ಹೇಳ್ಬೇಡ, ಎರಡನೇ ಡ್ರಾಫ್ಟ್ ಆದ್ಮೇಲೆ ಕಳಿಸು, ಪೆನ್ಸಿಲ್ ಹಿಡ್ಕೊಂಡು ಓದ್ತೀನಿ.

ನಿನ್ನ ಅಣ್ಣ