ಮಗು ಮಲಗಿರುವಾಗ ಹೊರಡಬೇಡ

ಗೆಳೆಯಾ,

ನಿನ್ನೆ ಫೋನಿನಲ್ಲಿ ನೀನು ಹೇಳಿದ ಒಂದು ಮಾತು ರಾತ್ರಿಯೆಲ್ಲ ಕಾಡಿತು. "ಗುಂಡ ಮಲಗಿದ ಮೇಲೆ ಏರ್‌ಪೋರ್ಟಿಗೆ ಹೊರಡ್ತೀವಿ, ಅವನು ಅಳೋದು ನೋಡೋಕಾಗಲ್ಲ" ಅಂದೆಯಲ್ಲ, ಅದು. ಡಬ್ಲಿನ್‌ಗೆ ಹೋಗಬೇಡ ಅಂತ ಹೇಳಲು ಬರೆಯುತ್ತಿಲ್ಲ. ನಿಮ್ಮ ಮನೆ ಸಾಲ, ಇಬ್ಬರ ಕೆಲಸ, ಎಲ್ಲ ನನಗೆ ಗೊತ್ತು. ಅವನನ್ನೂ ಕರೆದುಕೊಂಡು ಹೋಗಲು ಆದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಆಗದಿದ್ದರೆ ಈ ಪತ್ರವನ್ನು ಪೂರ್ತಿ ಓದು. ನೀನು ಮಾಡಲು ಹೊರಟಿರುವುದನ್ನೇ ನಾನು ಮಾಡಿದ್ದೆ.

ನಾವು ದೋಹಾಕ್ಕೆ ಹೊರಟಾಗ ಪುಟ್ಟಿಗೆ ಎರಡು ವರ್ಷ ತುಂಬಿತ್ತು. "ಎದ್ದರೆ ಅಳ್ತಾಳೆ, ಮಲಗಿರುವಾಗಲೇ ಹೊರಟುಬಿಡಿ" ಅಂತ ಅಮ್ಮ ಅಂದರು. ಹನುಮಂತನಗರದ ಮನೆಯಿಂದ ರಾತ್ರಿ ಹತ್ತೂವರೆಗೆ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊರಬಿದ್ದೆವು. ಬೆಳಗ್ಗೆ ಎದ್ದವಳು ಮಂಚದ ಕೆಳಗೆ, ಬಚ್ಚಲುಮನೆ ಬಾಗಿಲ ಹಿಂದೆ, ಎಲ್ಲ ಕಡೆ ಹುಡುಕಿದಳಂತೆ. "ಅಂಗಡಿಗೆ ಹೋಗಿದ್ದಾರೆ, ಬರ್ತಾರೆ" ಅಂತ ಅಮ್ಮ ಸಮಾಧಾನ ಮಾಡಿದ್ದಾರೆ. ರಸ್ತೆಯಲ್ಲಿ ಆಟೋ ನಿಂತ ಸದ್ದಾದರೆ ಗೇಟಿನ ಹತ್ತಿರ ಓಡುತ್ತಿದ್ದಳು. ಹತ್ತು ಹದಿನೈದು ದಿನ ಹೀಗೇ ನಡೆಯಿತು. ಆಮೇಲೆ ಕೇಳುವುದನ್ನೇ ನಿಲ್ಲಿಸಿದಳು. "ಈಗ ಸರಿಹೋಗಿದ್ದಾಳೆ ಕಣೋ, ನಿಮ್ಮ ನೆನಪೇ ಮಾಡಲ್ಲ" ಅಂತ ಅಮ್ಮ ಫೋನಿನಲ್ಲಿ ಹೇಳಿದಾಗ ನಮಗೆ ಎದೆಯ ಭಾರ ಇಳಿದಂತಾಯಿತು.

ನಾವು ತಪ್ಪಿದ್ದು ಅಲ್ಲೇ. 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಮತ್ತು ಜಾನ್ ಬೌಲ್ಬಿ ಎಂಬ ಇಬ್ಬರು, ತಾಯಿಯನ್ನು ಬಿಟ್ಟು ಆಸ್ಪತ್ರೆಯಲ್ಲಿದ್ದ ಪುಟ್ಟ ಮಕ್ಕಳ ಬಗ್ಗೆ ಬರೆದಿದ್ದರು. ನಾನು ಅದನ್ನು ಓದಿದ್ದು ತುಂಬಾ ತಡವಾಗಿ. ಮಗು ಮೊದಲು ಅತ್ತು ರಂಪ ಮಾಡುತ್ತದೆ. ಆಮೇಲೆ ಮಂಕಾಗುತ್ತದೆ. ಕೊನೆಗೆ ಆಡುತ್ತದೆ, ತಿನ್ನುತ್ತದೆ, ಯಾರ ಹತ್ತಿರವಾದರೂ ಹೋಗುತ್ತದೆ. ನೋಡಿದವರು ಹೊಂದಿಕೊಂಡಿತು ಅಂದುಕೊಳ್ಳುತ್ತಾರೆ. ಆದರೆ ತಾಯಿ ಬಂದಾಗ ಮುಖ ತಿರುಗಿಸುತ್ತದೆ. ಹತ್ತು ತಿಂಗಳಾದ ಮೇಲೆ ನಾವು ರಜಕ್ಕೆ ಬಂದಾಗ ಪುಟ್ಟಿ ಅಜ್ಜಿಯ ಸೆರಗಿನ ಹಿಂದೆ ನಿಂತಳು. ಚಾಕೊಲೇಟ್ ತೆಗೆದುಕೊಂಡಳು. ನನ್ನ ಹೆಂಡತಿಯನ್ನು 'ಆಂಟಿ' ಅಂದಳು.

ಕುರುಹುಗಳು ಮೊದಲೇ ಇದ್ದವು, ನಾವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಜ್ಜಿ ಸ್ನಾನಕ್ಕೆ ಹೋದರೆ ಬಾಗಿಲಿಗೆ ಒರಗಿ ಕೂರುತ್ತಿದ್ದಳು. ಅಜ್ಜಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿಯದೆ ಮಲಗುತ್ತಿರಲಿಲ್ಲ. ಮಲಗಿದರೆ ಜನ ಮಾಯವಾಗುತ್ತಾರೆ ಅಂತ ಅವಳಿಗೆ ಕಲಿಸಿದವರು ನಾವೇ ಅಲ್ವಾ?

ಯಾರನ್ನು ಏನಂತ ಕರೆಯುವುದು ಅನ್ನುವುದೂ ಚಿಕ್ಕ ವಿಷಯವಲ್ಲ. ನಮ್ಮ ಮನೆಯಲ್ಲಿ ನಾನು, ತಂಗಿ, ಕೆಲಸಕ್ಕೆ ಬರುವವರು ಎಲ್ಲರೂ ನನ್ನ ತಾಯಿಯನ್ನು ಅಮ್ಮ ಅಂತಲೇ ಕರೆಯುವುದು. ಹೆಂಡತಿಯನ್ನು ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ. ಮಗು ಕೇಳಿದ್ದನ್ನೇ ಕಲಿತಿತು. ಅಜ್ಜಿ 'ಅಮ್ಮ' ಆದರು, ಹೆತ್ತವಳು ಫೋನಿನಲ್ಲಿ ಕಾಣುವ ಒಂದು ಹೆಸರಾದಳು. ಅಮ್ಮನಿಗೂ ಇದು ಸಂಕಟವೇ. ಹಠ ಮಾಡಿದಾಗ ಬೈದರೆ 'ತಾಯಿ ಇಲ್ಲದ ಮಗು' ಅಂತ ಅವರ ಮನಸ್ಸೇ ಚುಚ್ಚುತ್ತಿತ್ತು. ಬೈಯದಿದ್ದರೆ ಮುದ್ದು ಮಾಡಿ ಕೆಡಿಸುತ್ತಿದ್ದೀರಿ ಅಂತ ನಾವು ದೋಹಾದಿಂದ ಹೇಳುತ್ತಿದ್ದೆವು. ಮೊಣಕಾಲು ನೋವಿನಲ್ಲಿ ಮಗುವಿನ ಹಿಂದೆ ಓಡುವವರಿಗೆ ಆ ಮಾತು ಹೇಳಬಾರದಿತ್ತು. ಕೊನೆಗೆ ಅವರೂ ಸುಲಭದ ದಾರಿ ಹಿಡಿದರು. "ಹಠ ಮಾಡಿದ್ರೆ ಅಪ್ಪ ಅಮ್ಮ ಬರಲ್ಲ ನೋಡು" ಅನ್ನುತ್ತಿದ್ದರು.

ನಾಲ್ಕು ವರ್ಷವಾದಾಗ ಒಂದು ದಿನ ವಿಡಿಯೋ ಕಾಲ್‌ನಲ್ಲಿ ಪುಟ್ಟಿ ತಾನಾಗಿ ಕೇಳಿದಳು. "ನಾನು ಇನ್ಮೇಲೆ ಹಾಲು ಚೆಲ್ಲಲ್ಲ. ಆಗ ಬರ್ತೀರಾ?" ಆ ವಯಸ್ಸಿನ ಮಕ್ಕಳು ನಡೆದದ್ದಕ್ಕೆಲ್ಲ ತಾವೇ ಕಾರಣ ಅಂದುಕೊಳ್ಳುತ್ತಾರೆ ಅಂತ ಆಮೇಲೆ ಮಕ್ಕಳ ಆಪ್ತಸಮಾಲೋಚಕಿ ಹೇಳಿದರು. ನಾವು ಸಂಬಳಕ್ಕಾಗಿ ಹೋಗಿದ್ದೆವು. ಅವಳ ಲೆಕ್ಕದಲ್ಲಿ ಅವಳು ಹಾಲು ಚೆಲ್ಲಿದ್ದಕ್ಕೆ ಹೋಗಿದ್ದೆವು.

ವಾಪಸ್ ಬಂದ ಮೇಲೆ ಇನ್ನೊಂದು ತಪ್ಪು ಮಾಡಿದೆವು. ಉತ್ತರಹಳ್ಳಿಯಲ್ಲಿ ಮನೆ ಹಿಡಿದು, ಒಂದೇ ದಿನ ಅವಳ ಬಟ್ಟೆ ಆಟಿಕೆ ಎಲ್ಲ ಸಾಗಿಸಿದೆವು. ನಮ್ಮ ಪಾಲಿಗೆ ಮಗಳು ಮನೆಗೆ ಬಂದಳು. ಅವಳ ಪಾಲಿಗೆ ಎರಡನೇ ಸಲ ಅಮ್ಮ ಹೋದರು. ಐದು ವರ್ಷದವಳು ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದಳು. ಅತ್ತ ನನ್ನ ತಾಯಿ ಅವಳ ಹಳೆಯ ಯೂನಿಫಾರ್ಮ್ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರಂತೆ, ಅಪ್ಪ ಹೇಳಿದರು. ಅಮ್ಮನನ್ನು ಒಂದು ತಿಂಗಳು ನಮ್ಮಲ್ಲೇ ಇರಿಸಿಕೊಂಡೆವು. ಮೊದಲು ಸ್ನಾನ, ಆಮೇಲೆ ಊಟ, ಎಲ್ಲಕ್ಕಿಂತ ಕೊನೆಗೆ ಮಲಗಿಸುವುದು ನನ್ನ ಹೆಂಡತಿಯ ಕೈಗೆ ಬಂತು. ಅಮ್ಮ ಮನೆಗೆ ಮರಳಿದ ಮೇಲೂ ವಾರಕ್ಕೆ ಎರಡು ರಾತ್ರಿ ಪುಟ್ಟಿ ಅಲ್ಲೇ ಮಲಗುತ್ತಿದ್ದಳು.

ಅದಕ್ಕೇ ಹೇಳುತ್ತಿದ್ದೇನೆ, ಇರುವ ಮೂರು ವಾರದಲ್ಲಿ ಇದನ್ನೇ ತಿರುಗಿಸಿ ಮಾಡು. ಈಗಿನಿಂದಲೇ ಸ್ನಾನ, ಊಟ, ಮಲಗಿಸುವುದನ್ನು ಒಂದೊಂದಾಗಿ ನಿನ್ನ ತಾಯಿ ಮಾಡಲಿ, ನೀವು ಪಕ್ಕದಲ್ಲಿರಿ. ಒಬ್ಬರೇ ಸ್ಥಿರವಾಗಿ ನೋಡಿಕೊಂಡರೆ ಮಗುವಿಗೆ ಹೊಡೆತ ಕಡಿಮೆ. ಆ ವಿಷಯದಲ್ಲಿ ಅಜ್ಜಿ ಇರುವುದು ದೊಡ್ಡ ಪುಣ್ಯ. ಮನೆಯಲ್ಲಿ ಎಲ್ಲರೂ ಅವರನ್ನು ಗುಂಡನ ಮುಂದೆ 'ಅಜ್ಜಿ' ಅಂತಲೇ ಕರೆಯಲಿ. ಅವನು ಎದ್ದಿರುವಾಗ, ಹೊಟ್ಟೆ ತುಂಬಿರುವಾಗ, ಹೇಳಿ ಹೊರಡು. "ಅಪ್ಪ ಅಮ್ಮ ಕೆಲಸಕ್ಕೆ ದೂರ ಹೋಗ್ತಿದ್ದೀವಿ. ನೀನು ಅಜ್ಜಿ ಹತ್ರ ಇರ್ತೀಯ. ನೀನು ಏನೂ ತಪ್ಪು ಮಾಡಿಲ್ಲ." ಇಷ್ಟು ಸಾಕು. ಅಳುತ್ತಾನೆ, ಅಳಲಿ. ಅಜ್ಜಿಯ ಸೊಂಟದ ಮೇಲೆ ಕೂತು ಅಳಲಿ. ಅವನಮ್ಮ ಉಟ್ಟ ಒಂದು ಹಳೆ ಸೀರೆಯನ್ನು ಒಗೆಯದೆ ಬಿಟ್ಟು ಹೋಗಿ. ಟಿಕೆಟ್ ಆಗುವವರೆಗೆ ಬರುವ ದಿನ ಹೇಳಬೇಡಿ.

ಫೋನಿನ ಹೊತ್ತನ್ನು ಬೆಂಗಳೂರಿನ ಗಡಿಯಾರಕ್ಕೆ ಕಟ್ಟು. ನಾವು ಕೆಲಸ ಮುಗಿಸಿ ದೋಹಾದಲ್ಲಿ ಎಂಟಕ್ಕೆ ಕರೆ ಮಾಡಿದರೆ ಇಲ್ಲಿ ಹತ್ತೂವರೆ, ಅವಳಿಗೆ ನಿದ್ದೆಗಣ್ಣು. ಇಲ್ಲಿ ಸಂಜೆ ಆರಾದರೆ ಡಬ್ಲಿನ್‌ನಲ್ಲಿ ಈಗ ಒಂದೂವರೆ, ನಿನ್ನ ಊಟದ ಹೊತ್ತು. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಆಗ ನೀನು ಹನ್ನೆರಡೂವರೆಗೆ ಮಾಡಬೇಕು. ಸುಮ್ನೆ ಐದು ನಿಮಿಷವಾದರೂ ಸಾಕು, ಆದರೆ ತಪ್ಪಬಾರದು. ಅವನು ಮಾತಾಡದೆ ಆಟ ಆಡುತ್ತಿದ್ದರೂ ಬೇಜಾರಾಗಬೇಡ.

ಪುಟ್ಟಿಗೆ ಈಗ ಒಂಬತ್ತು. ನಾನು ತರಕಾರಿಗೆ ಹೊರಟರೂ "ಎಷ್ಟೊತ್ತಿಗೆ ಬರ್ತೀಯ?" ಅಂತ ಕೇಳುತ್ತಾಳೆ. ಹೊತ್ತು ಹೇಳುತ್ತೇನೆ, ಅಷ್ಟೊತ್ತಿಗೆ ಬರುತ್ತೇನೆ.

ಭಾನುವಾರ ಗುಂಡನ ಜೊತೆ ನಿನ್ನ ತಾಯಿಯನ್ನೂ ಕರೆದುಕೊಂಡು ಬಾ. ನನ್ನಮ್ಮ ಅವರ ಹತ್ತಿರ ಮಾತಾಡಬೇಕಂತೆ.

ನಿನ್ನ ಗೆಳೆಯ