ಫ್ರಾಕಿನ ತೋಳು

ಪ್ರೀತಿಯ ಗೆಳೆಯಾ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಎಲ್ಲರೆದುರು ಬರೆದರೆ ನೀನು ಸ್ವಲ್ಪ ಮರ್ಯಾದೆಯಾಗಿ ನಗುತ್ತೀಯ ಅಂತ ಇಲ್ಲಿ ಬರೆಯುತ್ತಿದ್ದೇನೆ. ಇನ್ನು ಮೂರು ವಾರಕ್ಕೆ ಮಗಳ ಮೊದಲ ಪರಮಪ್ರಸಾದ.

ಬಿಳಿ ಫ್ರಾಕಿಗೆ ಅರ್ಧ ತಿಂಗಳ ಸಂಬಳ ಹೋಯಿತು. ಇಂಥದ್ದೇ ಹಾಕಬೇಕು ಅಂತ ಚರ್ಚಿನಲ್ಲಿ ಯಾರೂ ಹೇಳಿಲ್ಲ. ಬಿಳಿ ಅಂದರೆ ಜ್ಞಾನಸ್ನಾನದ ಬಟ್ಟೆಯ ನೆನಪು, ಅಷ್ಟೇ. ಹಾಗಾಗಿ ಯಾರದ್ದಾದರೂ ಹಳೆಯ ಫ್ರಾಕನ್ನು ಕಿರಿದು ಮಾಡಿಸಿದರೂ ಸಾಕಿತ್ತು. ಆದರೆ ತೋಳಿನ ತುದಿಗೆ ಅಗಲದ ಲೇಸು ಇಡಿಸಿದವನು ನಾನೇ. ಬೆಳೆಯುವ ಮಗು ಅಂತ ಕೆಳಗೆ ಎರಡು ಇಂಚು ಮಡಚಿ ಹೊಲಿಸಿದ್ದೊಂದೇ ನಾನು ಮಾಡಿದ ಜಾಣತನ.

ಮೊನ್ನೆ ಅಭ್ಯಾಸದಲ್ಲಿ ಅದರ ಫಲ ಕಂಡಿತು. ಪೂಜೆಯಲ್ಲಿ ಅರ್ಪಿಸದ, ಬರೀ ಗೋಧಿಯ ತೆಳ್ಳನೆ ರೊಟ್ಟಿ, ಓಸ್ತಿ ಕೊಟ್ಟು ಕಲಿಸುತ್ತಾರೆ. ಬಲಗೈ ಕೆಳಗೆ, ಅದರ ಮೇಲೆ ಎಡ ಅಂಗೈ. ಗುರುಗಳು ‘ಕ್ರಿಸ್ತರ ಶರೀರ’ ಅಂದಾಗ ‘ಆಮೆನ್’ ಅನ್ನಬೇಕು. ಆಮೇಲೆ ಕೆಳಗಿರುವ ಬಲಗೈಯಿಂದ ತೆಗೆದು, ಅಲ್ಲೇ ಬಾಯಿಗೆ ಹಾಕಿಕೊಳ್ಳಬೇಕು. ಬಲಗೈ ಹೊರಗೆ ಬರುವಾಗ ಲೇಸು ಎಡ ಅಂಗೈಯನ್ನು ಸವರಿತು, ಓಸ್ತಿ ನೆಲಕ್ಕೆ. ನಿಜವಾದ ದಿನ ಹೀಗಾಗಿದ್ದರೆ? ಸಿಸ್ಟರ್ ಏನೂ ಅನ್ನಲಿಲ್ಲ, ಲೇಸನ್ನು ನೋಡಿ ನನ್ನನ್ನು ನೋಡಿದರು. ಈಗ ತೋಳು ಮಣಿಕಟ್ಟಿಗೆ ಒತ್ತಿಕೊಂಡಿದೆ, ಲೇಸು ಡಬ್ಬಿಯಲ್ಲಿದೆ. ಎರಡನೇ ಸಲ ಓಸ್ತಿ ಅಂಗುಳಿಗೆ ಅಂಟಿತು. ಬೆರಳು ಹಾಕಬೇಡ, ತಾನೇ ಮೆತ್ತಗಾಗುತ್ತೆ ಅಂತ ಹೇಳಿಕೊಟ್ಟೆ. ಕಣ್ಣು ಅರಳಿಸಿಕೊಂಡು ಕಾದಳು.

ಇದಕ್ಕೂ ಮೊದಲು ಗುರುಗಳ ಹತ್ತಿರ ಪಾಪನಿವೇದನೆ ಆಗಬೇಕಲ್ಲ. ರಾತ್ರಿ ಅವಳು ತನ್ನ ಪಾಪಗಳನ್ನು ಪಟ್ಟಿ ಮಾಡುತ್ತಿದ್ದಳು. "ಅಪ್ಪಾ, ಯೇಸುಗಿಂತ ಫ್ರಾಕೇ ಜಾಸ್ತಿ ಇಷ್ಟ ಆದ್ರೆ ಅದೂ ಬರೀಬೇಕಾ?" ಅಂದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಇನ್ನೊಂದು: "ನೀನು ಹೋದ ಸಲ ಯಾವಾಗ ಹೋಗಿದ್ದೆ?"

ಹನ್ನೊಂದು ವರ್ಷ ಆಯಿತು ಕಣೋ. ಸುಮ್ನೆ ‘ಮೊನ್ನೆ’ ಅಂದೆ. ಪಾಪನಿವೇದನೆಯ ಬಗ್ಗೆಯೇ ಸುಳ್ಳು, ಅದೂ ಅವಳ ಪಟ್ಟಿಯ ಮುಂದೆ ಕೂತು. 1910ರಲ್ಲಿ ಪೋಪ್ ಹತ್ತನೇ ಪಿಯುಸ್ ಮಕ್ಕಳು ದೊಡ್ಡವರಾಗುವ ತನಕ ಕಾಯುವುದು ಬೇಡ, ಏಳರ ಆಸುಪಾಸು ಸಾಕು, ಈ ರೊಟ್ಟಿಗೂ ಮಾಮೂಲಿ ರೊಟ್ಟಿಗೂ ವ್ಯತ್ಯಾಸ ಗೊತ್ತಿದ್ದರೆ ಆಯಿತು ಅಂದರು. ಅವಳಿಗೆ ಗೊತ್ತು. ನನಗೆ ಗೊತ್ತಿದೆಯಾ ಅಂತ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅವಳ ಹಿಂದೆ ಸಾಲಿನಲ್ಲಿ ನಿಂತು ನಾನೂ ಕೈ ಚಾಚಬೇಕಲ್ಲ. ಇಲ್ಲ ಅಂದರೆ ಬೆಂಚಿನಲ್ಲೇ ಕೂತುಬಿಡಬೇಕು. ಅವಳು ತಿರುಗಿ ನೋಡುತ್ತಾಳೆ, ನನಗೆ ಗೊತ್ತು.

ಇಷ್ಟು ಬರೆಯಬೇಕು ಅಂದುಕೊಂಡಿರಲಿಲ್ಲ. ಇರಲಿ, ನಿನ್ನ ಮಗನಿಗೆ ಸೂಟು ಹೊಲಿಸುವಾಗ ತೋಳಿನ ಅಳತೆ ನನ್ನ ಹತ್ತಿರ ಕೇಳು.

ಶನಿವಾರ ನಾನೂ ಪಾಪನಿವೇದನೆಗೆ ಹೋಗಿ ಬರುತ್ತೇನೆ. ಹನ್ನೊಂದು ವರ್ಷದ್ದು ಅಂದರೆ ಕೊಡೆಯ ವಿಷಯದಿಂದಲೇ ಶುರು ಮಾಡಬೇಕಾಗುತ್ತೆ. ನಿನ್ನ ಹೆಸರೂ ಬರುತ್ತೆ, ಕ್ಷಮಿಸು.

ನಿನ್ನ,
ಲೇಸಿನ ಅಪ್ಪ